ನಾಯಿ-ಬೆಕ್ಕು ಫ್ರೆಂಡ್ಸ್ ಆಗೋದು ಬೇಡ, ಬೋರ್ ಆದ್ರೆ ಸಾಕು

1/9

ಆ ರೀಲ್ ನೀವೂ ನೋಡಿರ್ತೀರ. ಹೊಸ ನಾಯಿ ಬಾಗಿಲಿಂದ ಒಳಗೆ ಬರುತ್ತೆ. ಮನೆಯ ಬೆಕ್ಕನ್ನ ಯಾರೋ ಎರಡೂ ಕೈಯಲ್ಲಿ ಎತ್ತಿ ನಾಯಿಯ ಮೂಗಿನ ಮುಂದೆ ಹಿಡೀತಾರೆ. ಬೆಕ್ಕಿನ ಕಣ್ಣಿನ ಪಾಪೆ ದೊಡ್ಡದಾಗುತ್ತೆ, ಕಿವಿ ತಲೆಗೆ ಅಂಟಿಕೊಳ್ಳುತ್ತೆ, ಬುಸ್ ಅಂತ ಒಂದೇಟು ಹೊಡೆಯುತ್ತೆ. ಹಿಂದೆ ಎಲ್ಲರ ನಗು, ಮೇಲೊಂದು ಹಾಡು, ಕೆಳಗೆ 'ಮನೆಗೆ ಸವತಿ ಬಂದ್ಲು' ಅಂತ ಕ್ಯಾಪ್ಷನ್.

ನಾನು ಹೇಳೋದು ನೇರವಾಗಿದೆ: ಅದು ಪರಿಚಯ ಅಲ್ಲ, ಹೆದರಿಸೋದು. ಅಲ್ಲಿ ನಗ್ತಿರೋರು ಮನುಷ್ಯರು ಮಾತ್ರ.

ಇನ್ನೂ ಕೆಟ್ಟದ್ದು ಆ ರೀಲ್ ಮುಗಿದ ಮೇಲೆ ಆಗುತ್ತೆ, ಅದನ್ನ ಯಾರೂ ಹಾಕಲ್ಲ. ಮೂರು ದಿನ ಬೆಕ್ಕು ಮಂಚದ ಕೆಳಗೆ. ನಾಲ್ಕನೇ ದಿನ ಹಾಸಿಗೆ ಮೇಲೆ ಉಚ್ಚೆ. ಎರಡನೇ ವಾರ ಮನೆಯಲ್ಲಿ ಜಗಳ. ಮೂರನೇ ವಾರ 'ಯಾರಾದ್ರೂ ಅಡಾಪ್ಟ್ ಮಾಡ್ಕೊಳ್ತೀರಾ' ಅಂತ ನಾಯಿಯ ಫೋಟೋ ಸ್ಟೋರಿಯಲ್ಲಿ. ಇಲ್ಲಾಂದ್ರೆ ಬೆಕ್ಕೇ ಒಂದು ದಿನ ಮನೆ ಬಿಟ್ಟು ಹೋಗುತ್ತೆ. ಆಮೇಲೆ ತಪ್ಪು ಯಾರ ಮೇಲೆ? 'ನಾಯಿ ಬೆಕ್ಕಿಗೆ ಆಗಿಬರಲ್ಲ ಬಿಡಿ' ಅಂತ ಪ್ರಾಣಿಗಳ ಮೇಲೆ!

ಈ ಸೀರೀಸ್ ಆ ಮಾತಿನ ವಿರುದ್ಧ. ಉದ್ದ ಇದೆ. ಮನೆಯಲ್ಲಿ ಬೆಕ್ಕಿದ್ದು ನಾಯಿ ತರೋ ಯೋಚನೆ ಇದ್ರೆ ಕೂತು ಓದಿ.

2/9

ಮೊದಲು, ಬುಸ್ ಅನ್ನೋ ಆ ಬೆಕ್ಕು 'ಅಟಿಟ್ಯೂಡ್' ತೋರಿಸ್ತಿಲ್ಲ. 'ದೂರ ಹೋಗು, ಇಲ್ಲಾಂದ್ರೆ ನಾನು ಓಡಬೇಕಾಗುತ್ತೆ' ಅಂತ ಹೇಳ್ತಿದೆ. ಆದರೆ ನೀವು ಅದನ್ನ ಹಿಡ್ಕೊಂಡಿದ್ದೀರ, ಓಡೋ ದಾರಿನೇ ಇಲ್ಲ. ಉಳಿದಿರೋದು ಪರಚೋದು ಒಂದೇ. ನಿಮ್ಮ ಕೈಗೂ ಗಾಯ, ನಾಯಿಯ ಕಣ್ಣಿಗೂ ಅಪಾಯ.

ಅತ್ತ ನಾಯಿ ಬಾಲ ಅಲ್ಲಾಡಿಸ್ತಿದೆ, ಅದಕ್ಕೇ 'ನೋಡಿ, ಫ್ರೆಂಡ್ಲಿ' ಅಂತೀರ. ಬಾಲ ಅಲ್ಲಾಡಿಸೋದು ಅಂದ್ರೆ ಉದ್ವೇಗ ಅಷ್ಟೇ. ಸ್ನೇಹದ ಉದ್ವೇಗವೂ ಇರಬಹುದು, ಬೇಟೆಯದ್ದೂ ಇರಬಹುದು. ನಾಯಿಯ ಒಳಗೆ ಒಂದು ಹಳೆಯ ಸರಪಳಿ ಇದೆ: ಗಮನಿಸು, ದಿಟ್ಟಿಸು, ಹೊಂಚು ಹಾಕು, ಅಟ್ಟಿಸು, ಹಿಡಿ. ಈ ಸರಪಳಿಯನ್ನ ಜೋರಾಗಿ ಎಳೆಯೋದು ಯಾವುದು ಗೊತ್ತಾ? ಚಿಕ್ಕದಾಗಿದ್ದು, ರೋಮ ಇದ್ದು, ಸರಕ್ಕಂತ ಓಡೋ ವಸ್ತು. ಅಂದ್ರೆ ಹೆದರಿದ ಬೆಕ್ಕು.

ಇಲ್ಲೇ ಇಡೀ ಸಮಸ್ಯೆ ಇರೋದು. ಬೆಕ್ಕು ಹೆದರಿದ್ರೆ ಓಡುತ್ತೆ. ಓಡಿದ್ರೆ ನಾಯಿ ಅಟ್ಟುತ್ತೆ. ಅಟ್ಟಿದ್ರೆ ಬೆಕ್ಕು ನಾಳೆ ಇನ್ನೂ ಬೇಗ ಓಡುತ್ತೆ. ಒಂದೇ ಒಂದು ಸಲ ಅಟ್ಟಿಸಿಕೊಂಡು ಹೋದ ಖುಷಿ ನಾಯಿಗೆ ಸಿಕ್ಕಿದ್ರೆ ಅದು ಮರೆಯಲ್ಲ, ಯಾಕಂದ್ರೆ ಅಟ್ಟೋದೇ ಅದಕ್ಕೆ ಬಹುಮಾನ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಲ್ಲ, ಇಲ್ಲಿ ಚೆಲ್ಲಾಟ ನಾಯಿದು, ಇಲಿ ಜಾಗದಲ್ಲಿ ಬೆಕ್ಕು ನಿಂತಿದೆ.

'ಒಂದ್ಸಲ ಕಿತ್ತಾಡಿ ತಾವೇ ಸರಿ ಹೋಗ್ತಾವೆ' ಅನ್ನೋರು ಈ ಚಕ್ರವನ್ನ ತಮ್ಮ ಕೈಯಾರೆ ತಿರುಗಿಸಿ ಬಿಡ್ತಾರೆ. ನಮ್ಮ ಕೆಲಸ ಅದು ಮೊದಲನೇ ಸಲ ತಿರುಗದ ಹಾಗೆ ನೋಡ್ಕೊಳ್ಳೋದು.

3/9

ಈಗ ಬರುತ್ತೆ ಫೇಮಸ್ ಡೈಲಾಗ್: 'ನಮ್ಮಜ್ಜಿ ಮನೇಲಿ ನಾಯಿ, ಬೆಕ್ಕು, ಕೋಳಿ, ಕರು ಎಲ್ಲಾ ಒಟ್ಟಿಗೇ ಇದ್ವು. ಈ ಟ್ರೇನಿಂಗ್ ಎಲ್ಲಾ ಸಿಟಿಯವರ ಶೋಕಿ.'

ಸರಿ ಗುರು, ಅಜ್ಜಿ ಮನೆಗೇ ಹೋಗೋಣ. ನಾಯಿ ಎಲ್ಲಿ ಮಲಗ್ತಿತ್ತು? ಅಂಗಳದಲ್ಲಿ, ಹೆಚ್ಚಂದ್ರೆ ಜಗಲಿ ಮೇಲೆ. ಹೊಸ್ತಿಲು ದಾಟಿದ್ರೆ ಅಜ್ಜಿ ಹಿಡಿಸೂಡಿ ತಗೊಳ್ತಿದ್ರು. ಬೆಕ್ಕು ಎಲ್ಲಿತ್ತು? ಒಲೆ ಹತ್ರ, ಅಟ್ಟದ ಮೇಲೆ, ಕೊಟ್ಟಿಗೆಯ ಹುಲ್ಲಿನ ರಾಶಿ ಮೇಲೆ, ಹೆಂಚಿನ ಮೇಲೆ. ಅವುಗಳ ನಡುವೆ ಗೋಡೆ ಇತ್ತು, ಎತ್ತರ ಇತ್ತು, ಹಿತ್ತಲಿನಷ್ಟು ದೂರ ಇತ್ತು. ತಿಂಗಳುಗಟ್ಟಲೆ ದೂರದಿಂದ ನೋಡಿ ನೋಡಿ ರೂಢಿ ಆಗಿದ್ದವು.

ಅಂದ್ರೆ ಅಜ್ಜಿ ಟ್ರೇನಿಂಗ್ ಕೊಡಲಿಲ್ಲ ನಿಜ, ಅಜ್ಜಿಯ ಮನೆ ಕೊಟ್ಟಿತು.

ನೀವಿರೋದು ಎರಡು ರೂಮಿನ ಫ್ಲ್ಯಾಟಲ್ಲಿ. ಅಟ್ಟ ಇಲ್ಲ, ಹಿತ್ತಲಿಲ್ಲ, ಹೊಸ್ತಿಲ ನಿಯಮ ಇಲ್ಲ. ಹಾಲ್‌ನಿಂದ ಅಡುಗೆ ಮನೆಗೆ ಹೋಗೋಕೆ ಬೆಕ್ಕಿಗೆ ಇರೋದು ಒಂದೇ ದಾರಿ, ಆ ದಾರಿ ಮಧ್ಯೆ ನಾಯಿ. ಆ ಮನೆಯ ಗೋಡೆ, ಎತ್ತರ, ದೂರ ಮಾಡ್ತಿದ್ದ ಕೆಲಸವನ್ನ ಇಲ್ಲಿ ನೀವು ಕೈಯಾರೆ ಮಾಡಬೇಕು. ಶೋಕಿ ಅಲ್ಲ ಇದು, ಕಿತ್ತುಕೊಂಡಿದ್ದನ್ನ ವಾಪಸ್ ಕೊಡೋದು.

ಇನ್ನೊಂದು ಮಾತು. ಆ ಊರಲ್ಲೂ ನಾಯಿ ಬಾಯಿಗೆ ಸಿಕ್ಕ ಬೆಕ್ಕಿನ ಮರಿಗಳಿದ್ವು. ಅವುಗಳ ಕತೆ ಹೇಳೋರಿಲ್ಲ ಅಷ್ಟೇ.

4/9

ಇಲ್ಲಿಂದ ಒಂದು ನಿಜವಾದ ಮನೆ ಇಟ್ಕೊಂಡು ಮಾತಾಡ್ತೀನಿ. ನಮ್ಮ ಕ್ಲಾಸಿನ ಒಬ್ಬಳ ಮನೆ, ಎರಡು ಬೆಡ್‌ರೂಮು, ಮೊದಲನೇ ಮಹಡಿ. ಬೆಕ್ಕಿನ ಹೆಸರು ಮಿಂಚು, ಐದು ವರ್ಷ, ಹೆಣ್ಣು. ತರಬೇಕಿದ್ದ ನಾಯಿ ಕಾಳಿ, ಬೀದಿಯಿಂದ ಬಂದ ಇಂಡಿ, ಸುಮಾರು ಹತ್ತು ತಿಂಗಳು. ಹೇಳೋಕೆ ಅವಳ ಪರ್ಮಿಷನ್ ಇದೆ.

ನಾಯಿ ಬರೋಕೆ ಒಂದು ವಾರ ಮೊದಲೇ ಕೆಲಸ ಶುರು. ಚಿಕ್ಕ ಬೆಡ್‌ರೂಮು ಪೂರ್ತಿ ಮಿಂಚುದು. ಅಲ್ಲೇ ಅದರ ಊಟ, ನೀರು, ಲಿಟರ್ ಬಾಕ್ಸು, ಅಡಗೋಕೆ ಒಂದು ರಟ್ಟಿನ ಡಬ್ಬ. ಊಟ ಒಂದು ಮೂಲೆ, ಲಿಟರ್ ಇನ್ನೊಂದು ಮೂಲೆ. ನಾಯಿ ಬಂದ ದಿನವೇ ಬೆಕ್ಕನ್ನ ರೂಮಿಗೆ ತಳ್ಳಿದ್ರೆ ಅದು ಶಿಕ್ಷೆ ಅನ್ಸುತ್ತೆ. ವಾರ ಮೊದಲೇ ಆದ್ರೆ ಅದು ಅದರ ಕೋಟೆ.

ಆಮೇಲೆ ಎತ್ತರ. ಹಾಲ್‌ನಲ್ಲಿ ಶೋಕೇಸ್ ಮೇಲಿದ್ದ ಟ್ರೋಫಿಗಳನ್ನೆಲ್ಲ ಇಳಿಸಿದ್ವಿ. ಪಕ್ಕದಲ್ಲಿ ಸ್ಟೂಲು, ಅದರಿಂದ ಫ್ರಿಡ್ಜು. ಬೆಡ್‌ರೂಮಿನಿಂದ ಅಡುಗೆ ಮನೆವರೆಗೆ ಮಿಂಚು ನೆಲ ಮುಟ್ಟದೇ ಬರೋ ಹಾಗೆ. ಅಮ್ಮನಿಗೆ ಟ್ರೋಫಿ ತೆಗೆದಿದ್ದು ಬೇಜಾರಾಯ್ತು. ಆದ್ರೆ ನಾಯಿ ಬಂದ ಮೇಲೆ ಆ ಮನೇಲಿ ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಆ ಖಾಲಿ ಶೋಕೇಸೇ. ಬೆಕ್ಕಿಗೆ ಮೇಲಿಂದ ನೋಡೋಕೆ ಸಿಕ್ಕಿದ್ರೆ ಓಡೋ ಅಗತ್ಯ ಅರ್ಧ ಕಡಿಮೆಯಾಗುತ್ತೆ. ಓಡದ ಬೆಕ್ಕನ್ನ ಅಟ್ಟೋದು ಕಷ್ಟ.

ಎರಡಕ್ಕೂ ಲಸಿಕೆ, ಜಂತುಹುಳದ ಔಷಧಿ ಆಗಿರಲಿ. ಮತ್ತೆ ಇದನ್ನ ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ: ನಾಯಿಯ ಉಣ್ಣಿಗೆ ಬೆನ್ನ ಮೇಲೆ ಹಾಕೋ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತೆ. ನಾಯಿಗೆ ಅದು ಸರಿ, ಬೆಕ್ಕಿಗೆ ವಿಷ. ಔಷಧಿ ಹಾಕಿದ ನಾಯಿಗೆ ಒರಗಿ ಮಲಗಿದ್ರೂ, ಅದರ ಮೈ ನೆಕ್ಕಿದ್ರೂ ಬೆಕ್ಕಿಗೆ ನಡುಕ, ಫಿಟ್ಸ್ ಬರಬಹುದು. ವೆಟ್ ಹತ್ರ ಮೊದಲೇ ಹೇಳಿ, 'ಮನೇಲಿ ಬೆಕ್ಕಿದೆ, ಪರ್ಮೆಥ್ರಿನ್ ಇಲ್ಲದ್ದು ಕೊಡಿ' ಅಂತ. ಬೆಕ್ಕು-ನಾಯಿ ಒಟ್ಟಿಗೆ ಮಲಗಿರೋ ಫೋಟೋ ಹಾಕೋರಲ್ಲಿ ಎಷ್ಟು ಜನ ಈ ಮಾತು ಹೇಳ್ತಾರೆ?

5/9

ಕಾಳಿ ಬಂದ ದಿನ ಏನಾಯ್ತು? ಏನೂ ಆಗಲಿಲ್ಲ. ರೀಲ್‌ಗೆ ಯೋಗ್ಯವಾದದ್ದು ಒಂದೂ ಇಲ್ಲ. ಮಿಂಚು ರೂಮಲ್ಲಿ, ಬಾಗಿಲು ಮುಚ್ಚಿದೆ. ಕಾಳಿ ಹಾಲ್‌ನಲ್ಲಿ. ಮೊದಲ ನಾಲ್ಕು ದಿನ ಒಂದನ್ನೊಂದು ನೋಡಲೇ ಇಲ್ಲ.

ನೋಡದೇ ಇರುವಾಗ ನಡೆದಿದ್ದು ವಾಸನೆಯ ಪರಿಚಯ. ಬೆಕ್ಕಿನ ಕೆನ್ನೆಗೆ ಒಂದು ಹಳೇ ಕಾಟನ್ ಬಟ್ಟೆ ಸವರಿ ಕಾಳಿ ಮಲಗೋ ಜಾಗದಿಂದ ಸ್ವಲ್ಪ ದೂರ ಇಟ್ಟರು. ಕಾಳಿ ಮಲಗಿದ ಬಟ್ಟೆಯನ್ನ ಮಿಂಚು ರೂಮಿನ ಒಂದು ಮೂಲೆಯಲ್ಲಿ ಇಟ್ಟರು. ಮೂಗಿಗೆ ಹಿಡಿದು ತೋರಿಸೋದಲ್ಲ, ಸುಮ್ಮನೆ ಇಟ್ಟು ಹೋಗೋದು. ಮಿಂಚು ಮೊದಲ ದಿನ ಬಟ್ಟೆ ನೋಡಿ ಬುಸ್ ಅಂದು ದೂರ ಹೋಯ್ತು. ಮೂರನೇ ದಿನ ಮೂಸಿ ಸುಮ್ಮನಾಯ್ತು. ಆ ಸುಮ್ಮನಾಗೋದೇ ನಮಗೆ ಬೇಕಿದ್ದ ಉತ್ತರ.

ಜೊತೆಗೆ ಊಟ. ಮುಚ್ಚಿದ ಬಾಗಿಲಿನ ಆ ಕಡೆ ಮಿಂಚು ತಟ್ಟೆ, ಈ ಕಡೆ ಕಾಳಿ ತಟ್ಟೆ, ಎರಡೂ ಬಾಗಿಲಿಂದ ಆರು ಅಡಿ ದೂರ. ಎರಡೂ ನಿರಾಳವಾಗಿ ತಿಂದ್ರೆ ಮುಂದಿನ ಊಟಕ್ಕೆ ಅರ್ಧ ಅಡಿ ಹತ್ತಿರ. ಯಾವುದಾದರೂ ಒಂದು ತಿನ್ನೋದು ನಿಲ್ಲಿಸಿ ಬಾಗಿಲನ್ನೇ ನೋಡ್ತಿದ್ರೆ ಮತ್ತೆ ಹಿಂದಕ್ಕೆ. ಆಚೆ ಕಡೆಯ ವಾಸನೆ ಬಂದಾಗೆಲ್ಲ ಊಟ ಬರುತ್ತೆ ಅಂತ ಎರಡಕ್ಕೂ ಗೊತ್ತಾಗಬೇಕು, ಅಷ್ಟೇ ಲಾಜಿಕ್.

ರಾತ್ರಿ ಕಾಳಿಯನ್ನ ದೊಡ್ಡ ಬೆಡ್‌ರೂಮಲ್ಲಿ ಬಾಗಿಲು ಹಾಕಿ ಮಲಗಿಸಿ, ಮಿಂಚುಗೆ ಪೂರ್ತಿ ಹಾಲ್ ಬಿಟ್ಟುಕೊಡ್ತಿದ್ರು. ಮನೆ ಇನ್ನೂ ನನ್ನದೇ ಅಂತ ಬೆಕ್ಕಿಗೆ ಅನ್ನಿಸಬೇಕು. 'ಬೆಕ್ಕೇ ಅಡ್ಜಸ್ಟ್ ಆಗ್ಲಿ' ಅನ್ನೋರಿಗೆ ಒಂದು ಪ್ರಶ್ನೆ: ಐದು ವರ್ಷ ಆ ಮನೇಲಿ ಇದ್ದಿದ್ದು ಯಾರು, ನಿನ್ನೆ ಬಂದಿದ್ದು ಯಾರು?

6/9

ಮುಖ ನೋಡೋ ಹಂತ. ಐದನೇ ದಿನ ರೂಮಿನ ಬಾಗಿಲಿಗೆ ಮಕ್ಕಳಿಗೆ ಹಾಕೋ ಗೇಟು ಬಂತು. ಕಾಳಿಯನ್ನ ಮೊದಲು ಅರ್ಧ ಗಂಟೆ ವಾಕ್ ಕರ್ಕೊಂಡು ಹೋಗಿ ಬಂದ್ರು. ಆಮೇಲೆ ಹಾರ್ನೆಸ್ ಹಾಕಿ, ಲೀಷ್ ಕೈಯಲ್ಲಿ ಸಡಿಲವಾಗಿ ಹಿಡಿದು, ಗೇಟಿಂದ ಹತ್ತಡಿ ದೂರ ಕೂರಿಸಿದ್ರು. ಕೈಯಲ್ಲಿ ಉಪ್ಪು-ಮಸಾಲೆ ಹಾಕದೆ ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಚಿಕ್ಕ ಚೂರು.

ಕಾಳಿ ಮಿಂಚುವನ್ನ ನೋಡ್ತು: ತಕ್ಷಣ ಮೆತ್ತಗೆ 'ಗುಡ್' ಅಂದು ಒಂದು ಚೂರು. ಮತ್ತೆ ನೋಡ್ತು, ಮತ್ತೆ ಚೂರು. ಹತ್ತಾರು ಸಲ ಆದ ಮೇಲೆ ಕಾಳಿ ಬೆಕ್ಕನ್ನ ನೋಡಿ, ತಾನೇ ತಿರುಗಿ ಇವಳ ಮುಖ ನೋಡೋಕೆ ಶುರು ಮಾಡ್ತು, 'ಎಲ್ಲಿ ನನ್ನ ಕೋಳಿ?' ಅಂತ. ನೀವು ಕಲಿಸಬೇಕಾದದ್ದು ಇದೊಂದೇ. ಬೆಕ್ಕು ಕಂಡ್ರೆ ಅಟ್ಟೋದಲ್ಲ, ನಿಮ್ಮ ಕಡೆ ತಿರುಗೋದು. ಗೇಟಿನ ಆಚೆ ಮಿಂಚುಗೂ ಏನಾದ್ರೂ ಇಷ್ಟದ್ದು ಸಿಗ್ತಿತ್ತು, ಎದ್ದು ಹೋಗಬೇಕನ್ಸಿದ್ರೆ ಹೋಗೋ ಸ್ವಾತಂತ್ರ್ಯವೂ ಇತ್ತು.

ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಮೂರು ಸಲ. ಎಲ್ಲಾ ಚೆನ್ನಾಗಿ ನಡೀತಿರುವಾಗಲೇ ನಿಲ್ಲಿಸಬೇಕು. 'ಇನ್ನೊಂದು ಸ್ವಲ್ಪ ಹೊತ್ತು' ಅನ್ನೋ ಆಸೆಯಲ್ಲೇ ಕೆಡೋದು.

ದೂರ ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ನಾಯಿ ಕೋಳಿ ತಿಂತಿದೆಯಾ, ಹೆಸರು ಕರೆದ್ರೆ ತಿರುಗುತ್ತಾ, ಬಾಯಿ ಸಡಿಲವಾಗಿದೆಯಾ ನೋಡಿ. ಬಾಯಿ ಮುಚ್ಚಿ, ಮೈ ಬಿಗಿಮಾಡಿ, ಕಣ್ಣು ಮಿಟುಕಿಸದೆ ದಿಟ್ಟಿಸ್ತಾ, ಕೋಳಿ ಮೂಗಿಗೆ ಹಿಡಿದ್ರೂ ಲೆಕ್ಕಿಸ್ತಿಲ್ಲ ಅಂದ್ರೆ ನೀವು ತುಂಬಾ ಹತ್ರ ಇದ್ದೀರ. ಬೈಬೇಡಿ, ಜಗ್ಗಬೇಡಿ, ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಬೆಕ್ಕು ಕಂಡಾಗೆಲ್ಲ ಏಟು ಬಿದ್ರೆ ನಾಯಿ ಕಲಿಯೋದು 'ಬೆಕ್ಕು ಬಂದ್ರೆ ನನಗೆ ನೋವಾಗುತ್ತೆ' ಅಂತ. ಗುರ್ ಅಂದಿದ್ದಕ್ಕೆ ಹೊಡೆದ್ರೆ ಗುರ್ ಅನ್ನೋದು ನಿಲ್ಲುತ್ತೆ, ಕೋಪ ಅಲ್ಲೇ ಇರುತ್ತೆ. ಮುಂದಿನ ಸಲ ಎಚ್ಚರಿಕೆ ಇಲ್ಲದೆ ನೇರ ಕಚ್ಚೋ ನಾಯಿಯನ್ನ ನೀವೇ ತಯಾರು ಮಾಡಿದ ಹಾಗಾಯ್ತು.

7/9

ಹನ್ನೆರಡನೇ ದಿನದ ಕತೆ ಹೇಳಲೇಬೇಕು. ಅಲ್ಲೀವರೆಗೆ ಎಲ್ಲಾ ಸಲೀಸು, ಗೇಟು ತೆಗೆದು ಒಂದೇ ಹಾಲ್‌ನಲ್ಲಿ ಕೂರಿಸ್ತಿದ್ರು. ಮಿಂಚು ನೆಲದ ಮೇಲಿತ್ತು, ಕಾಳಿ ಲೀಷಲ್ಲಿ. ಅಷ್ಟರಲ್ಲಿ ಡೋರ್‌ಬೆಲ್. ಕೊರಿಯರ್. ಕಾಳಿ ಬೊಗಳ್ತು, ಮಿಂಚು ಓಡ್ತು, ಕಾಳಿ ಹಿಂದೆ ಹಾರ್ತು. ಲೀಷ್ ಇದ್ದಿದ್ದರಿಂದ ಎರಡಡಿಗೇ ನಿಂತಿತು. ಮಿಂಚು ಫ್ರಿಡ್ಜ್ ಮೇಲೆ.

ನೋಡಿ, ಗಲಾಟೆ ಶುರುವಾಗಿದ್ದು ಬೆಕ್ಕಿಂದಲೂ ಅಲ್ಲ, ನಾಯಿಯಿಂದಲೂ ಅಲ್ಲ, ಬೆಲ್ಲಿಂದ. ಬೆಲ್ಲು, ಪಟಾಕಿ, ನೆಂಟರು, ಕೆಳಗೆ ಬಿದ್ದ ಪಾತ್ರೆ, ಯಾವುದೇ ಉದ್ವೇಗ ಇರಲಿ, ನಾಯಿ ಅದನ್ನ ಹತ್ರ ಇರೋ ಬೆಕ್ಕಿನ ಮೇಲೆ ತೀರಿಸಿಕೊಳ್ಳಬಹುದು. ಅದಕ್ಕೇ 'ಈಗ ಸರಿಯಾಗಿದೆ' ಅಂತ ಬೇಗ ಲೀಷ್ ಬಿಚ್ಚಬಾರದು.

ಅವಳು ಬೈಯಲಿಲ್ಲ, ಅಳಲಿಲ್ಲ. ಒಂದು ಹಂತ ಹಿಂದೆ ಹೋದಳು: ಮೂರು ದಿನ ಮತ್ತೆ ಗೇಟು, ಮತ್ತೆ ಹತ್ತಡಿ. ಬೆಲ್ಲಿಗೆ ಬೇರೆ ಅಭ್ಯಾಸ ಮಾಡಿಸಿದಳು. ಅಮ್ಮ ಹೊರಗೆ ಹೋಗಿ ಬೆಲ್ ಒತ್ತೋದು, ಕಾಳಿಗೆ ಅದರ ಚಾಪೆ ಮೇಲೆ ಕೋಳಿ ಸಿಗೋದು. ಹದಿನಾರನೇ ದಿನ ಮತ್ತೆ ಹಾಲ್.

ಮೂರನೇ ವಾರದ ಕೊನೆಯಿಂದ ಲೀಷ್ ಕೈಯಲ್ಲಿ ಇರಲಿಲ್ಲ, ನೆಲದ ಮೇಲೆ ಎಳೆದುಕೊಂಡು ಓಡಾಡ್ತಿತ್ತು. ಬೇಕಾದ್ರೆ ಕಾಲಲ್ಲಿ ಮೆಟ್ಟಿ ನಿಲ್ಲಿಸಬಹುದು. ಯಾರಾದ್ರೂ ಕಣ್ಣಿಟ್ಟಿದ್ದಾಗ ಮಾತ್ರ. ಆರನೇ ವಾರ ಅವಳು ನನಗೊಂದು ಫೋಟೋ ಕಳಿಸಿದಳು. ಮಿಂಚು ಸೋಫಾ ಮೇಲೆ ಮಲಗಿದೆ, ಕಾಳಿ ಬಾಗಿಲ ಹತ್ರ ಮಲಗಿದೆ, ಮಧ್ಯೆ ಆರಡಿ ದೂರ, ಎರಡೂ ಬೆನ್ನು ತಿರುಗಿಸಿವೆ. ಲೈಕ್ ಬರೋ ಫೋಟೋ ಅಲ್ಲ ಅದು. ಆದರೆ ಬೇಟೆಯಾಡೋ ಪ್ರಾಣಿಗೆ ಬೆನ್ನು ಹಾಕಿ ಬೆಕ್ಕು ನಿದ್ದೆ ಮಾಡ್ತಿದೆ ಅಂದ್ರೆ ಅದಕ್ಕಿಂತ ದೊಡ್ಡ ನಂಬಿಕೆ ಯಾವುದು ಹೇಳಿ?

ಮನೇಲಿ ಯಾರೂ ಇಲ್ಲದಾಗ ಇವತ್ತಿಗೂ ಎರಡೂ ಬೇರೆ ಬೇರೆ ರೂಮಲ್ಲೇ.

8/9

ಎಲ್ಲಾ ಮನೇಲೂ ಆರು ವಾರಕ್ಕೆ ಆಗಲ್ಲ. ಕೆಲವು ಕಡೆ ಹತ್ತು ದಿನ, ಕೆಲವು ಕಡೆ ಆರು ತಿಂಗಳು. ಕೆಲವು ನಾಯಿಗಳಿಗೆ ಎಂದೂ ಆಗಲ್ಲ. ಹಿಂದೆ ಬೆಕ್ಕನ್ನ ಕೊಂದಿರೋ ನಾಯಿ, ಗೇಟಿನ ಆಚೆ ಬೆಕ್ಕು ಕಂಡ್ರೆ ಮೈ ನಡುಗಿಸ್ತಾ ಕೀರಲು ದನಿ ತೆಗೆದು ಯಾವುದಕ್ಕೂ ಜಗ್ಗದ ನಾಯಿ, ಇವುಗಳನ್ನ ಬೆಕ್ಕಿನ ಮೇಲೆ ಪ್ರಯೋಗ ಮಾಡಬೇಡಿ. ಶಾಶ್ವತವಾಗಿ ಬಾಗಿಲಿನ ವ್ಯವಸ್ಥೆ ಮಾಡಿ, ಅದು ಆಗದಿದ್ರೆ ಬೆಕ್ಕಿಲ್ಲದ ಮನೆ ನೋಡಿ. ತರೋ ಮುಂಚೆಯೇ ಸಾಕ್ತಿದ್ದವರನ್ನ ಕೇಳಿ: ಬೆಕ್ಕು ಕಂಡ್ರೆ ಇದು ಏನು ಮಾಡುತ್ತೆ? ಮತ್ತೆ ಮನೆಯೊಳಗೆ ಸುಮ್ಮನಿರೋ ನಾಯಿ ರಸ್ತೆಯಲ್ಲಿ ಅದೇ ಬೆಕ್ಕನ್ನ ಅಟ್ಟಬಹುದು, ಅದೂ ನೆನಪಿರಲಿ. ಬೆಕ್ಕಿನ ಮರಿ ಇದ್ರೆ ಇನ್ನೂ ಹುಷಾರು. ದೊಡ್ಡ ನಾಯಿ ಆಟಕ್ಕೆ ಒಂದು ಪಂಜ ಇಟ್ಟರೂ ಮರಿ ಉಳಿಯಲ್ಲ.

ಬೆಕ್ಕು ಕೂಗಾಡಿ ಕಷ್ಟ ಹೇಳಲ್ಲ, ಅದರ ಕಷ್ಟ ತಟ್ಟೆಯಲ್ಲಿ ಮತ್ತು ಲಿಟರ್ ಬಾಕ್ಸಲ್ಲಿ ಕಾಣುತ್ತೆ. ಇಡೀ ದಿನ ಏನೂ ತಿನ್ನದಿದ್ರೆ ವೆಟ್‌ಗೆ ಫೋನ್ ಮಾಡಿ. ಊಟ ಬಿಟ್ಟ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಕೆಲವೇ ದಿನದಲ್ಲಿ ಲಿವರ್ ಕೆಡುತ್ತೆ. ಲಿಟರ್ ಬಾಕ್ಸಿಗೆ ಪದೇ ಪದೇ ಹೋಗಿ ಮುಕ್ಕರಿದ್ರೂ ಉಚ್ಚೆ ಬರ್ತಿಲ್ಲ ಅಂದ್ರೆ, ಗಂಡು ಬೆಕ್ಕಾದ್ರಂತೂ, ಅದು ನಾಳೆಗೆ ಕಾಯೋ ವಿಷಯ ಅಲ್ಲ, ಆ ಗಂಟೆಯಲ್ಲೇ ಆಸ್ಪತ್ರೆ. ಹಾಸಿಗೆ ಮೇಲೆ ಉಚ್ಚೆ ಹೊಯ್ದ ಬೆಕ್ಕು ಸೇಡು ತೀರಿಸಿಕೊಳ್ತಿಲ್ಲ. ಒಂದೋ ಅದಕ್ಕೆ ಹುಷಾರಿಲ್ಲ, ಇಲ್ಲಾ ಲಿಟರ್ ಬಾಕ್ಸಿನ ದಾರಿಯಲ್ಲಿ ನಾಯಿ ಕೂತಿದೆ. ಹೋಗಿ ನೋಡಿ.

9/9

'ಇಷ್ಟೆಲ್ಲಾ ಮಾಡೋಕೆ ಟೈಮ್ ಯಾರಿಗಿದೆ?' ಅಂತ ಕೇಳ್ತೀರ. ಲೆಕ್ಕ ಹಾಕಿ. ಮೂರು ನಿಮಿಷ, ದಿನಕ್ಕೆ ಮೂರು ಸಲ. ಒಂಬತ್ತು ನಿಮಿಷ. ಊಟ ಹೇಗೂ ಹಾಕ್ತೀರ, ವಾಕ್ ಹೇಗೂ ಹೋಗ್ತೀರ. ಇದಕ್ಕೆ ಬೇಕಿರೋದು ಒಂದು ಬಾಗಿಲು, ಒಂದು ಲೀಷ್, ಮತ್ತೆ ನಾಲ್ಕು ದಿನ ಕ್ಯಾಮೆರಾ ಆನ್ ಮಾಡದೇ ಇರೋ ತಾಳ್ಮೆ. ಒಂಬತ್ತು ನಿಮಿಷ ಇಲ್ಲ ಅಂದ್ರೆ ನಾಯಿ ತರಬೇಡಿ. ಬೇಜಾರು ಮಾಡ್ಕೋಬೇಡಿ, ಆದ್ರೆ ತರಬೇಡಿ.

ತಬ್ಬಿಕೊಂಡು ಮಲಗ್ತಾವಾ ಅಂತ ಕಾಯೋದನ್ನೂ ಬಿಡಿ. ಕೆಲವು ಮಲಗುತ್ತವೆ, ಅದು ಬೋನಸ್. ನಮಗೆ ಬೇಕಿರೋದು ಬೆಕ್ಕು ಹಾಲ್ ದಾಟುವಾಗ ನಾಯಿ ತಲೆ ಎತ್ತಿ ನೋಡಿ, 'ಓ, ನೀನಾ' ಅಂತ ಮತ್ತೆ ಮಲಗೋದು. ಫ್ರೆಂಡ್‌ಶಿಪ್ ಅವುಗಳ ಇಷ್ಟ. ಭಯ ಇಲ್ಲದ ಮನೆ ಕೊಡೋದು ನಿಮ್ಮ ಜವಾಬ್ದಾರಿ.

ಇನ್ಮೇಲೆ ಆ ಥರದ ರೀಲ್ ಬಂದ್ರೆ ಲೈಕ್ ಒತ್ತೋ ಮುಂಚೆ ಸೌಂಡ್ ಆಫ್ ಮಾಡಿ ಬೆಕ್ಕಿನ ಕಿವಿ ನೋಡಿ. ತಲೆಗೆ ಅಂಟಿದ್ರೆ ಶೇರ್ ಮಾಡಬೇಡಿ. ನಾಯಿ ತರೋಕೆ ಹೊರಟಿರೋ ಫ್ರೆಂಡ್ ಇದ್ರೆ 4ನೇ ಭಾಗದ ಪರ್ಮೆಥ್ರಿನ್ ಪ್ಯಾರಾ ಇವತ್ತೇ ಕಳಿಸಿ, ಉಳಿದಿದ್ದು ಆಮೇಲೆ ಓದ್ಲಿ.

#ನಾಯಿಬೆಕ್ಕು #ಮೊದಲುಬಾಗಿಲುಮುಚ್ಚಿ #ಬೋರ್‌ಆದ್ರೆಸಾಕು